ಗುರುತಿಲ್ಲದ ಮದ್ಯದ ಗುರುತು

ವೋಡ್ಕಾಗೆ ರುಚಿ ಇರಬಾರದು ಎಂದು ಕಾನೂನೇ ಹೇಳುತ್ತಿತ್ತು. ಅಮೆರಿಕದ ಫೆಡರಲ್ ನಿಯಮಗಳಲ್ಲಿ 2020ರವರೆಗೂ ಇದ್ದ ವ್ಯಾಖ್ಯೆಯ ಪ್ರಕಾರ, ತನ್ನದೇ ಆದ ಗುಣ, ಪರಿಮಳ, ರುಚಿ, ಬಣ್ಣ ಯಾವುದೂ ಎದ್ದು ಕಾಣದಂತೆ ಬಟ್ಟಿ ಇಳಿಸಿದ ಅಥವಾ ಇದ್ದಿಲಿನಲ್ಲಿ ಹಾಯಿಸಿದ ಮದ್ಯಕ್ಕೆ ಮಾತ್ರ ವೋಡ್ಕಾ ಎಂಬ ಹೆಸರು ಸಲ್ಲುತ್ತಿತ್ತು. 2020ರಲ್ಲಿ ಆ ಸಾಲನ್ನು ತೆಗೆದುಹಾಕಿದರು. ಅಂಗಡಿಯ ಕಪಾಟಿನಲ್ಲಿರುವ ಬಾಟಲಿಗಳು ಒಂದೊಂದು ಒಂದೊಂದು ಥರ ಇರುವಾಗ ಗುಣವೇ ಇಲ್ಲ ಎಂಬ ಮಾತು ವಾಸ್ತವಕ್ಕೆ ಹೊಂದುವುದಿಲ್ಲ ಎಂದು ಅಧಿಕಾರಿಗಳೇ ಒಪ್ಪಿಕೊಂಡ ಹಾಗಾಯಿತು.

ಆದರೆ ಅನುಮಾನ ಪಡುವವರ ವಾದವೂ ಬಲವಾದದ್ದೇ. 2005ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಂಡವೊಂದು 21 ವೋಡ್ಕಾಗಳನ್ನು ಹೆಸರು ಮುಚ್ಚಿಟ್ಟು ರುಚಿ ನೋಡಿತು. ದುಬಾರಿ ಬಾಟಲಿಗಳ ಸಾಲಿನಲ್ಲಿ ಹೋಲಿಕೆಗೆಂದು ಸೇರಿಸಿದ್ದ, ಎಲ್ಲ ಕಡೆ ಸಿಗುವ ಅಗ್ಗದ ಸ್ಮಿರ್ನಾಫ್ ಮೊದಲ ಸ್ಥಾನಕ್ಕೆ ಬಂತು. ಹೆಸರುವಾಸಿ ಗ್ರೇ ಗೂಸ್ ಮೊದಲ ಹತ್ತರಲ್ಲೂ ಇರಲಿಲ್ಲ. ವೋಡ್ಕಾಗಳ ನಡುವೆ ವ್ಯತ್ಯಾಸವೇ ಇಲ್ಲ, ಎಲ್ಲ ಜಾಹೀರಾತಿನ ಆಟ ಎನ್ನುವವರು ಇಂದಿಗೂ ಈ ಪ್ರಸಂಗವನ್ನೇ ಎತ್ತಿ ಹೇಳುತ್ತಾರೆ. ನನ್ನ ಓದು ಬೇರೆ. ಹೆಸರು ಕಾಣದೆ ರುಚಿ ನೋಡಿದವರು 21ನ್ನು ಮೇಲೆ ಕೆಳಗೆ ಎಂದು ಜೋಡಿಸಿದ್ದಾರೆ. ಬೆಲೆಗೂ ರುಚಿಗೂ ನಂಟಿಲ್ಲ ಎಂಬುದು ಅಲ್ಲಿ ಕಂಡದ್ದೇ ಹೊರತು ರುಚಿಗಳೆಲ್ಲ ಒಂದೇ ಎಂಬುದಲ್ಲ. ಹಾಗಾದರೆ ಆ ವ್ಯತ್ಯಾಸ ಹುಟ್ಟುವುದು ಎಲ್ಲಿ? ಧಾನ್ಯದಲ್ಲೋ, ಬಟ್ಟಿಯಲ್ಲೋ, ನೀರಿನಲ್ಲೋ, ಇದ್ದಿಲಿನಲ್ಲೋ? ಲೇಬಲ್ಲುಗಳು ಧಾನ್ಯಕ್ಕೂ ಶೋಧನೆಗೂ ಹೆಚ್ಚಿನ ಶ್ರೇಯಸ್ಸು ಕೊಡುತ್ತವೆ. ಕಾರ್ಖಾನೆಯ ಒಳಗಿನ ಲೆಕ್ಕ ಸ್ವಲ್ಪ ಬೇರೆಯೇ ಇದೆ.

ಮೊದಲು ಪ್ರಮಾಣದ ಅಂದಾಜು ಬೇಕು. ವೋಡ್ಕಾ ತಯಾರಾಗುವುದು ಶೇ. 96ರಷ್ಟು ಗಾಢವಾದ ನ್ಯೂಟ್ರಲ್ ಸ್ಪಿರಿಟ್‌ಗೆ ನೀರು ಬೆರೆಸಿ. ಆ ಸ್ಪಿರಿಟ್‌ನಲ್ಲಿ ಎಥನಾಲ್ ಬಿಟ್ಟು ಬೇರೆ ಏನೇನು ಎಷ್ಟೆಷ್ಟು ಇರಬಹುದು ಎಂದು ಯುರೋಪಿಯನ್ ಒಕ್ಕೂಟ ಮಿತಿ ಹಾಕಿದೆ. ಫ್ಯೂಸೆಲ್ ಎಣ್ಣೆ ಎಂದು ಕರೆಯುವ ಭಾರವಾದ ಆಲ್ಕೋಹಾಲ್‌ಗಳು 100 ಲೀಟರ್ ಶುದ್ಧ ಮದ್ಯಸಾರಕ್ಕೆ ಅರ್ಧ ಗ್ರಾಂ ದಾಟುವಂತಿಲ್ಲ. ಆಲ್ಡಿಹೈಡ್‌ಗಳಿಗೂ ಅಷ್ಟೇ ಮಿತಿ. ಶೇ. 40ಕ್ಕೆ ಇಳಿಸಿದ ಮೇಲೆ ಲೆಕ್ಕ ಹಾಕಿದರೆ ಒಂದು ಲೀಟರ್ ವೋಡ್ಕಾದಲ್ಲಿ ಎರಡು ಮಿಲಿಗ್ರಾಂ, 750 ಮಿಲಿ ಬಾಟಲಿಯಲ್ಲಿ ಒಂದೂವರೆ ಮಿಲಿಗ್ರಾಂ. ಅದೂ ಗರಿಷ್ಠ ಮಿತಿ. ಒಳ್ಳೆಯ ಕಾರ್ಖಾನೆಗಳು ಅದಕ್ಕಿಂತ ಎಷ್ಟೋ ಕೆಳಗಿರುತ್ತವೆ.

ಇಷ್ಟು ಸಣ್ಣ ಪ್ರಮಾಣ ಯಾರಿಗೆ ತಿಳಿದೀತು ಎನ್ನಿಸುವುದು ಸಹಜ. ಆದರೆ ಮೂಗು ತೂಕ ನೋಡಿ ಕೆಲಸ ಮಾಡುವುದಿಲ್ಲ. ಗಂಧಕ ಸೇರಿದ ಕೆಲವು ಸಂಯುಕ್ತಗಳಿವೆ. ಅವುಗಳಲ್ಲಿ ಬೇಯಿಸಿದ ಕೋಸಿನ ವಾಸನೆ ಕೊಡುವ ಡೈಮೀಥೈಲ್ ಟ್ರೈಸಲ್ಫೈಡ್ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂನ ಸಾವಿರದ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮನುಷ್ಯನ ಮೂಗಿಗೆ ಗೊತ್ತಾಗುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಎಲ್ಲ ಮಿತಿಯೊಳಗೇ ಇದ್ದು, ಹೀರಿ ನೋಡಿದ ಪರಿಣತರು ಆ ಟ್ಯಾಂಕನ್ನು ತಿರಸ್ಕರಿಸುವುದು ಈ ಉದ್ಯಮದಲ್ಲಿ ವಿಚಿತ್ರವೇನಲ್ಲ. ಇನ್ನೊಂದು ಕಾರಣವೂ ಇದೆ. ವಿಸ್ಕಿಯಲ್ಲಿ ನೂರಾರು ಪರಿಮಳಗಳ ಗದ್ದಲದ ನಡುವೆ ಇಂಥದ್ದೊಂದು ಮುಚ್ಚಿಹೋಗುತ್ತದೆ. ವೋಡ್ಕಾದಲ್ಲಿ ಮುಚ್ಚಲು ಏನೂ ಇಲ್ಲ. ಖಾಲಿ ಗೋಡೆಯ ಮೇಲಿನ ಸಣ್ಣ ಕಲೆಯ ಹಾಗೆ ಅದೇ ಕಣ್ಣಿಗೆ ಬೀಳುತ್ತದೆ.

ಈಗ ಧಾನ್ಯಕ್ಕೆ ಬರೋಣ. ಇದಕ್ಕೆ ಪೋಲೆಂಡಿನ ಶೋಪೆನ್ ವೋಡ್ಕಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪೂರ್ವ ಪೋಲೆಂಡಿನ ಕ್ಷೆಸ್ಕ್ ಎಂಬ ಊರಿನ ಈ ಬಟ್ಟಿಮನೆ ಆಲೂಗಡ್ಡೆ, ರೈ, ಗೋಧಿ ಮೂರರಿಂದಲೂ ಬೇರೆ ಬೇರೆ ವೋಡ್ಕಾ ಮಾಡುತ್ತದೆ. ಮೂರನ್ನೂ ನಾಲ್ಕು ಸಲ ಬಟ್ಟಿ ಇಳಿಸುತ್ತದೆ. ಮನೆ ಒಂದೇ, ಕೈ ಒಂದೇ, ಬದಲಾಗುವುದು ಮೂಲವಸ್ತು ಮಾತ್ರ. ಆಲೂಗಡ್ಡೆಯದ್ದು ನಾಲಿಗೆಯ ಮೇಲೆ ದಪ್ಪಗೆ, ಕೆನೆಯ ಹಾಗೆ ಕೂರುತ್ತದೆ, ಜೊತೆಗೆ ಸ್ವಲ್ಪ ಮಣ್ಣಿನ ವಾಸನೆ. ರೈಯದ್ದು ಒಣಗಿದ್ದು, ಕೊನೆಯಲ್ಲಿ ಕಾಳುಮೆಣಸಿನ ಚುರುಕು. ಗೋಧಿಯದ್ದು ಹಗುರ, ನವಿರು, ತುಸು ಸಿಹಿ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಮದ್ಯದ ಪರಿಚಯ ಹೆಚ್ಚಿಲ್ಲದವರಿಗೂ ಆಲೂಗಡ್ಡೆಯದ್ದು ಬೇರೆ ಎಂದು ತಿಳಿಯುವ ಸಾಧ್ಯತೆ ಇದೆ. ರೈ ಮತ್ತು ಗೋಧಿಯನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ.

ಆಲೂಗಡ್ಡೆಯೇ ಏಕೆ ಎದ್ದು ಕಾಣುತ್ತದೆ? ಒಂದು ಬಾಟಲಿಯ ಲೆಕ್ಕ ಹಾಕಿ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಶೇ. 40ರ 750 ಮಿಲಿ ಬಾಟಲಿಯಲ್ಲಿ 300 ಮಿಲಿ ಮದ್ಯಸಾರವಿದೆ. ನೂರು ಕೆ.ಜಿ. ಪಿಷ್ಟದಿಂದ ಕಾರ್ಖಾನೆಯಲ್ಲಿ ಸುಮಾರು 60 ಲೀಟರ್ ಮದ್ಯಸಾರ ಕೈಗೆ ಬರುತ್ತದೆ ಎಂದಿಟ್ಟುಕೊಂಡರೆ, ಈ ಬಾಟಲಿಗೆ ಅರ್ಧ ಕೆ.ಜಿ. ಪಿಷ್ಟ ಬೇಕು. ರೈ ಧಾನ್ಯದಲ್ಲಿ ಸುಮಾರು ಶೇ. 60 ಪಿಷ್ಟ, ಆದ್ದರಿಂದ ಒಂದು ಕೆ.ಜಿ.ಗೂ ಕಡಿಮೆ ಸಾಕು. ಆಲೂಗಡ್ಡೆಯಲ್ಲಿ ಪಿಷ್ಟ ಶೇ. 17ರ ಆಸುಪಾಸು, ಉಳಿದದ್ದು ಬಹುಪಾಲು ನೀರು. ಹಾಗಾಗಿ ಮೂರು ಕೆ.ಜಿ. ಆಲೂಗಡ್ಡೆ ಬೇಕು. ಅಂದರೆ ಅದೇ ಬಾಟಲಿಗೆ ಮೂರು ಪಟ್ಟಿಗೂ ಹೆಚ್ಚು ತೂಕದ ಸಸ್ಯವನ್ನು, ಸಿಪ್ಪೆ, ನಾರು, ಪೆಕ್ಟಿನ್, ಸಾರಜನಕದ ಅಂಶಗಳ ಸಮೇತ ಬೇಯಿಸಿ ಹುದುಗಿಸಿದ ಹಾಗಾಯಿತು. ಯೀಸ್ಟ್ ಸಕ್ಕರೆಯ ಜೊತೆಗೆ ಸಾರಜನಕದ ಅಂಶಗಳನ್ನೂ ತಿನ್ನುತ್ತದೆ. ತಿಂದದ್ದು ಬೇರೆಯಾದಾಗ ಅದು ಹೊರಹಾಕುವ ಉಪ ಉತ್ಪನ್ನಗಳೂ ಬೇರೆ. ಪೆಕ್ಟಿನ್ ಒಡೆದು ಮೆಥನಾಲ್ ಹೆಚ್ಚು ಹುಟ್ಟುವುದರಿಂದ ಆಲೂಗಡ್ಡೆಯ ಸ್ಪಿರಿಟ್‌ಗೆ ಅದನ್ನು ತೆಗೆಯುವ ಪ್ರತ್ಯೇಕ ಏರ್ಪಾಡೇ ಬೇಕಾಗುತ್ತದೆ.

ಹುದುಗುವಿಕೆಯ ಹಂತದ ಬಗ್ಗೆ ಲೇಬಲ್ಲುಗಳು ಮಾತೇ ಆಡುವುದಿಲ್ಲ. ಅದು ನನಗೆ ಬೇಸರದ ಸಂಗತಿ, ಏಕೆಂದರೆ ನಾವು ಧಾನ್ಯದ ರುಚಿ ಎಂದು ಕರೆಯುವುದರಲ್ಲಿ ಒಂದು ದೊಡ್ಡ ಪಾಲು ಯೀಸ್ಟ್‌ನದು. ರುಬ್ಬಿ ಬೇಯಿಸಿದ ಧಾನ್ಯದ ಗಂಜಿಯನ್ನು ಎರಡು ಮೂರು ದಿನ ಹುದುಗಿಸುತ್ತಾರೆ. ಕೊನೆಗೆ ಅದರಲ್ಲಿ ಶೇ. 8ರಿಂದ 10ರಷ್ಟು ಮದ್ಯಸಾರ ಇರುತ್ತದೆ. ಈ ಅವಧಿಯಲ್ಲಿ ಬಿಸಿ ಏರಿದರೆ ಫ್ಯೂಸೆಲ್ ಎಣ್ಣೆ ಹೆಚ್ಚುತ್ತದೆ. ಶುಚಿ ತಪ್ಪಿ ಬ್ಯಾಕ್ಟೀರಿಯಾ ಸೇರಿದರೆ ಹುಳಿ ವಾಸನೆಯೂ ಬೆಣ್ಣೆಯ ವಾಸನೆಯ ಡೈಅಸಿಟೈಲ್ ಕೂಡ ಬರುತ್ತವೆ. ರೈ ಧಾನ್ಯದ ಗಂಜಿ ತನ್ನೊಳಗಿನ ಪೆಂಟೋಸಾನ್ ಎಂಬ ಅಂಶದಿಂದ ಅಂಟಂಟಾಗಿ ಗಟ್ಟಿಯಾಗುತ್ತದೆ. ಅದನ್ನು ತೆಳುವಾಗಿಸಲು ಎಂಜೈಮ್ ಹಾಕದಿದ್ದರೆ ಬಿಸಿ ಸಮನಾಗಿ ಹರಡುವುದಿಲ್ಲ, ತಳ ಹತ್ತುತ್ತದೆ. ಆ ಕಮಟು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ.

ವ್ಯತ್ಯಾಸದ ನಿಜವಾದ ತೀರ್ಮಾನ ಆಗುವುದು ಮುಂದೆ, ಬಟ್ಟಿ ಕಾಲಂಗಳಲ್ಲಿ. ಅಸಿಟಾಲ್ಡಿಹೈಡ್ 20 ಡಿಗ್ರಿಯಲ್ಲಿ, ಮೆಥನಾಲ್ 65ರ ಹತ್ತಿರ, ಎಥನಾಲ್ 78ರಲ್ಲಿ, ಫ್ಯೂಸೆಲ್ ಎಣ್ಣೆಯ ಮುಖ್ಯ ಅಂಶವಾದ ಐಸೋಅಮೈಲ್ ಆಲ್ಕೋಹಾಲ್ 131 ಡಿಗ್ರಿಯಲ್ಲಿ ಕುದಿಯುತ್ತವೆ. ಈ ಅಂಕಿಗಳನ್ನು ನೋಡಿದರೆ ಬೇರ್ಪಡಿಸುವುದು ಸುಲಭ ಎನಿಸುತ್ತದೆ. ಆದರೆ ಕಾಲಂನೊಳಗೆ ಇವೆಲ್ಲ ಬೆರೆತಿರುತ್ತವೆ. ಬೆರೆತಾಗ ಪ್ರತಿಯೊಂದೂ ತನ್ನ ಕುದಿಬಿಂದುವಿನ ಮಾತನ್ನು ಕೇಳುವುದನ್ನು ಬಿಟ್ಟು ಸುತ್ತಲಿನ ದ್ರವದ ಮಾತನ್ನು ಕೇಳತೊಡಗುತ್ತದೆ. ಗಾಢವಾದ ಮದ್ಯಸಾರದೊಳಗೆ ಐಸೋಅಮೈಲ್ ಭಾರಿ ವಸ್ತುವಿನಂತೆ ಕೆಳಗೆ ಉಳಿಯುತ್ತದೆ. ಅದೇ ದ್ರವಕ್ಕೆ ನೀರು ಹೆಚ್ಚಾದರೆ ಅದು ಎಥನಾಲ್‌ಗಿಂತ ಬೇಗ ಆವಿಯಾಗಿ ಮೇಲಕ್ಕೆ ಓಡುತ್ತದೆ, ಏಕೆಂದರೆ ಅದರ ಉದ್ದನೆಯ ಇಂಗಾಲದ ಬಾಲಕ್ಕೆ ನೀರಿನ ಸಹವಾಸ ಆಗುವುದಿಲ್ಲ.

ಕಾರ್ಖಾನೆಯವರು ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ಮೊದಲ ಕಾಲಂನಿಂದ ಬಂದ ಕಚ್ಚಾ ಸ್ಪಿರಿಟ್‌ಗೆ ಎರಡನೆಯ ಕಾಲಂನಲ್ಲಿ ಬೇಕೆಂದೇ ಬಿಸಿನೀರು ಸುರಿದು ಶೇ. 10–20ರ ಆಸುಪಾಸಿಗೆ ಇಳಿಸುತ್ತಾರೆ. ಕಷ್ಟಪಟ್ಟು ಗಾಢ ಮಾಡಿದ್ದನ್ನು ಮತ್ತೆ ತೆಳು ಮಾಡುವುದು ಮೊದಲ ಸಲ ಕೇಳಿದವರಿಗೆ ವ್ಯರ್ಥ ಕೆಲಸದ ಹಾಗೆ ಕಾಣುತ್ತದೆ. ಆದರೆ ಆ ನೀರಿನಲ್ಲಿ ಫ್ಯೂಸೆಲ್ ಎಣ್ಣೆ, ಎಸ್ಟರ್, ಆಲ್ಡಿಹೈಡ್ ಎಲ್ಲ ಮೇಲಕ್ಕೆ ಹೋಗಿ ಬೇರೆಯಾಗುತ್ತವೆ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಅದನ್ನು ಮೂರನೆಯ ಕಾಲಂನಲ್ಲಿ ಮತ್ತೆ ಶೇ. 96ಕ್ಕೆ ಏರಿಸುತ್ತಾರೆ. ಮೆಥನಾಲ್ ಮಾತ್ರ ಈ ಉಪಾಯಕ್ಕೆ ಸಿಗುವುದಿಲ್ಲ, ಅದಕ್ಕೆ ನೀರೆಂದರೆ ಎಥನಾಲ್‌ಗಿಂತಲೂ ಇಷ್ಟ. ಅದನ್ನು ಕೊನೆಯ ಕಾಲಂನಲ್ಲಿ, ಗಾಢ ಸ್ಥಿತಿಯಲ್ಲಿ, ಮೇಲಿನಿಂದ ಹೊರಗೆಳೆಯಬೇಕು.

ಇಲ್ಲಿ ಪ್ರತಿ ಕಾಲಂನಲ್ಲೂ ಒಂದು ನಿರ್ಧಾರವಿದೆ. ಎಷ್ಟು ನೀರು ಹಾಕುವುದು, ಎಷ್ಟು ಹಬೆ ಬಳಸುವುದು, ಎಷ್ಟನ್ನು ಹೊರಗೆ ಬಿಡುವುದು. ಹೊರಗೆ ಬಿಟ್ಟದ್ದರಲ್ಲಿ ಸ್ವಲ್ಪ ಎಥನಾಲ್ ಕೂಡ ಹೋಗುತ್ತದೆ, ಅದು ನಷ್ಟ. ಹಬೆಗೆ ಇಂಧನ ಬೇಕು, ಅದು ಖರ್ಚು. ಒಂದು ಕಾರ್ಖಾನೆ ಒಂದಿಷ್ಟು ಹೆಚ್ಚು ಹೊರಗೆ ಬಿಟ್ಟು ಪೂರ್ತಿ ಬೋಳು ಸ್ಪಿರಿಟ್ ತೆಗೆಯುತ್ತದೆ. ಇನ್ನೊಂದು ಸ್ವಲ್ಪ ಧಾನ್ಯದ ನೆನಪು ಉಳಿಯಲಿ ಎಂದು ಬೇಕೆಂದೇ ಮೊದಲೇ ನಿಲ್ಲಿಸುತ್ತದೆ. ಹಾಲೆಂಡಿನ ಸ್ಕೀಡಮ್ ಪಟ್ಟಣದಲ್ಲಿ 1691ರಿಂದ ಬಟ್ಟಿ ಇಳಿಸುತ್ತಿರುವ ನೊಲೆಟ್ ಕುಟುಂಬದ ಕೆಟೆಲ್ ಒನ್ ವೋಡ್ಕಾದಲ್ಲಿ ಕಾಲಂನ ಗೋಧಿ ಸ್ಪಿರಿಟ್ ಜೊತೆ ಹಳೆಯ ತಾಮ್ರದ ಹಂಡೆಯಲ್ಲಿ ಇಳಿಸಿದ ಪಾಲನ್ನೂ ಸೇರಿಸುತ್ತಾರೆ. ಹಂಡೆ ಕಾಲಂನಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸುವುದಿಲ್ಲ, ಆದ್ದರಿಂದ ರುಚಿ ಉಳಿಯುತ್ತದೆ. ಅದರ ತಾಮ್ರ ಗಂಧಕದ ಕೆಟ್ಟ ವಾಸನೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ವೀಡನ್ನಿನ ಕಾರ್ಲ್‌ಸನ್ಸ್ ಗೋಲ್ಡ್ ಎಳೆಯ ಆಲೂಗಡ್ಡೆಯದು. ಅದರ ತಯಾರಕರು ಒಂದೇ ಸಲ ಬಟ್ಟಿ ಇಳಿಸುತ್ತೇವೆ ಎಂದೇ ಹೆಮ್ಮೆಪಡುತ್ತಾರೆ. ಅದನ್ನು ರೂಪಿಸಿದ ಬೋರ್ಯೆ ಕಾರ್ಲ್‌ಸನ್ ಹಿಂದೆ ಆಬ್ಸಲ್ಯೂಟ್ ವೋಡ್ಕಾಗೂ ಕೆಲಸ ಮಾಡಿದವರು.

ಹಾಗಾಗಿ ಬಾಟಲಿಯ ಮೇಲೆ ಐದು ಸಲ, ಆರು ಸಲ ಬಟ್ಟಿ ಇಳಿಸಿದ್ದು ಎಂದು ಬರೆದರೆ ಅದನ್ನು ಗುಣಮಟ್ಟದ ಲೆಕ್ಕ ಎಂದು ತೆಗೆದುಕೊಳ್ಳಬೇಡಿ. ಹಂಡೆಯಲ್ಲಿ ಒಂದು ಸಲ ಎಂದರೆ ಒಂದು ಸಲ. ಹತ್ತಾರು ತಟ್ಟೆಗಳಿರುವ ಕಾಲಂನಲ್ಲಿ ಪ್ರತಿ ತಟ್ಟೆಯೂ ಒಂದು ಸಣ್ಣ ಬಟ್ಟಿ. ಯಾವುದನ್ನು ಒಂದು ಎಂದು ಎಣಿಸಿದರು ಎಂಬುದು ಕಂಪನಿಗೆ ಬಿಟ್ಟದ್ದು. ಜೊತೆಗೆ ಒಂದು ಭೌತಿಕ ಮಿತಿಯೂ ಇದೆ. ಮಾಮೂಲಿ ಬಟ್ಟಿಯಲ್ಲಿ ಎಥನಾಲ್ ಗಾತ್ರದ ಲೆಕ್ಕದಲ್ಲಿ ಶೇ. 97ರ ಆಚೆಗೆ ಹೋಗುವುದಿಲ್ಲ. ಅಲ್ಲಿಗೆ ಬಂದ ಮೇಲೆ ನೀರೂ ಎಥನಾಲ್ ಕೂಡ ಒಟ್ಟಿಗೇ ಕುದಿಯತೊಡಗುತ್ತವೆ. ಆಮೇಲೆ ಎಷ್ಟು ಸಲ ಇಳಿಸಿದರೂ ಗಾಢತೆ ಹೆಚ್ಚದು.

ಶೇ. 96ರ ಸ್ಪಿರಿಟ್ ಬಾಟಲಿಗೆ ಹೋಗುವ ಮೊದಲು ಅದಕ್ಕೆ ಗಾತ್ರದಲ್ಲಿ ಅದಕ್ಕಿಂತ ಹೆಚ್ಚೇ ನೀರು ಸೇರುತ್ತದೆ. ಫಿನ್‌ಲ್ಯಾಂಡಿಯಾ ಬಾರ್ಲಿಯ ವೋಡ್ಕಾ, ರಾಯಮಾಕಿ ಎಂಬಲ್ಲಿನ ಬುಗ್ಗೆಯ ನೀರಿನ ಹೆಸರಿನಲ್ಲೇ ಅದರ ಮಾರಾಟ. ಗ್ರೇ ಗೂಸ್‌ನದು ಉತ್ತರ ಫ್ರಾನ್ಸಿನ ಪಿಕಾರ್ಡಿಯ ಗೋಧಿಯಾದರೆ ನೀರು ಕೊನ್ಯಾಕ್ ಸೀಮೆಯದು. ನೀರು ಮುಖ್ಯ ಹೌದು, ಆದರೆ ಬುಗ್ಗೆಯ ಕಾವ್ಯಕ್ಕಿಂತ ಹೆಚ್ಚು ಮುಖ್ಯವಾದದ್ದು ಅದರಲ್ಲಿ ಕರಗಿದ ಲವಣ ಎಷ್ಟು ಎಂಬುದು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಸಿಲಿಕಾ ಮದ್ಯಸಾರ ಸೇರಿದ ಕೂಡಲೇ ಕರಗುವ ಶಕ್ತಿ ಕಳೆದುಕೊಳ್ಳುತ್ತವೆ. ಕೆಲವು ವಾರಗಳಲ್ಲಿ ಬಾಟಲಿಯ ತಳದಲ್ಲಿ ಬಿಳಿ ಪುಡಿ, ಕತ್ತಿನ ಬಳಿ ಬಿಳಿ ಉಂಗುರ. ಅದಕ್ಕೆ ಹೆಚ್ಚಿನ ಕಾರ್ಖಾನೆಗಳು ನೀರನ್ನು ಲವಣ ತೆಗೆದು ಬಳಸುತ್ತವೆ. ಪೂರ್ತಿ ಬೋಳಾದ ನೀರು ನಾಲಿಗೆಗೆ ಸಪ್ಪೆ, ಚೂಪು. ರಷ್ಯಾದಲ್ಲಿ ಅದಕ್ಕೆ ಅತ್ಯಲ್ಪ ಅಡುಗೆ ಸೋಡಾ ಸೇರಿಸಿ ಮೆದುಗೊಳಿಸುವ ಪದ್ಧತಿ ಇದೆ. ಧಾನ್ಯ ಒಂದೇ ಆಗಿದ್ದರೂ ಎರಡು ವೋಡ್ಕಾಗಳು ಗಂಟಲಲ್ಲಿ ಬೇರೆ ಬೇರೆ ಥರ ಇಳಿಯಲು ಇಷ್ಟು ಸಾಕು.

ಇನ್ನು ಇದ್ದಿಲು. ಟೋವಿ ಲೋವಿಟ್ಸ್ ಎಂಬ ಪೀಟರ್ಸ್‌ಬರ್ಗ್‌ನ ಔಷಧ ತಯಾರಕ 1785ರಲ್ಲಿ ಇದ್ದಿಲಿನ ಪುಡಿ ದ್ರವದ ಬಣ್ಣವನ್ನು ಹೀರಿಕೊಳ್ಳುವುದನ್ನು ಗಮನಿಸಿದ. ಅದೇ ಗುಣ ಧಾನ್ಯದ ಮದ್ಯದ ದುರ್ವಾಸನೆಗೂ ಅನ್ವಯಿಸಿತು. ಆ ಕಾಲದ ಹಂಡೆಗಳಿಗೆ ಫ್ಯೂಸೆಲ್ ಎಣ್ಣೆ ತೆಗೆಯುವ ಸಾಮರ್ಥ್ಯ ಇರಲಿಲ್ಲ, ಆದ್ದರಿಂದ ಬರ್ಚ್ ಮರದ ಇದ್ದಿಲು ಅವರ ಪಾಲಿಗೆ ದೊಡ್ಡ ಆಸರೆಯಾಯಿತು. ಇಂದು ಕಾಲಂ ಬಹುಪಾಲು ಕೆಲಸ ಮುಗಿಸಿರುತ್ತದೆ. ಆದರೂ ರಷ್ಯಾ ಇದ್ದಿಲನ್ನು ಬಿಟ್ಟಿಲ್ಲ, ಬಿಟ್ಟರೆ ತಮ್ಮ ವೋಡ್ಕಾದ ರುಚಿ ಬರುವುದಿಲ್ಲ ಎಂಬುದು ಅಲ್ಲಿನವರ ಅನುಭವ. ಅದಕ್ಕೆ ರಸಾಯನಶಾಸ್ತ್ರದ ಸಮರ್ಥನೆಯೂ ಇದೆ.

ಶೋಧನೆ ಎಂಬ ಪದ ಕೇಳಿದರೆ ಜರಡಿಯ ಚಿತ್ರ ಮನಸ್ಸಿಗೆ ಬರುತ್ತದೆ. ಇದ್ದಿಲು ಜರಡಿಯಲ್ಲ. ಅದರ ಒಳಗಿನ ಲೆಕ್ಕವಿಲ್ಲದ ಸೂಕ್ಷ್ಮ ರಂಧ್ರಗಳ ಗೋಡೆಗೆ ಅಣುಗಳು ಅಂಟಿಕೊಳ್ಳುತ್ತವೆ. ನೀರಿನಿಂದ ದೂರ ಸರಿಯಲು ಬಯಸುವ ದೊಡ್ಡ ಅಣುಗಳು, ಅಂದರೆ ಎಸ್ಟರ್‌ಗಳು, ಫ್ಯೂಸೆಲ್ ಎಣ್ಣೆ, ಮೊದಲು ಅಂಟುತ್ತವೆ. ಮೆಥನಾಲ್‌ನಂಥ ಪುಟ್ಟ ಅಣು ಹೆಚ್ಚುಕಡಿಮೆ ಹಾಗೆಯೇ ದಾಟಿಹೋಗುತ್ತದೆ. ಹಾಗಾಗಿ ವಿಷಕಾರಿ ಕಳ್ಳಬಟ್ಟಿಯನ್ನು ಇದ್ದಿಲಿನಲ್ಲಿ ಸೋಸಿ ಸುರಕ್ಷಿತ ಮಾಡಿದೆವು ಎಂಬ ಮಾತನ್ನು ಯಾರೇ ಹೇಳಿದರೂ ನಂಬಲೇಬಾರದು. ಶೇ. 96ರ ಸ್ಪಿರಿಟ್‌ನಲ್ಲಿ ಆ ಅಣುಗಳು ಮದ್ಯಸಾರದಲ್ಲೇ ಹಾಯಾಗಿ ಕರಗಿರುತ್ತವೆ, ಗೋಡೆಗೆ ಅಂಟಲು ಅವುಗಳಿಗೆ ಕಾರಣವಿಲ್ಲ. ಅದಕ್ಕೇ ನೀರು ಬೆರೆಸಿ ಶೇ. 40ಕ್ಕೆ ಇಳಿಸಿದ ಮೇಲೆ ಇದ್ದಿಲಿನ ಕಾಲಂಗೆ ಬಿಡುವುದು.

ಇದ್ದಿಲು ತೆಗೆಯುವುದು ಮಾತ್ರವಲ್ಲ, ಸೇರಿಸುವುದೂ ಉಂಟು. ಅದರ ರಂಧ್ರಗಳಲ್ಲಿ ಗಾಳಿಯ ಆಮ್ಲಜನಕವೂ ಅಂಟಿರುತ್ತದೆ. ಎಥನಾಲ್ ಅದರ ಮೇಲೆ ಹಾಯುವಾಗ ಒಂದು ಸಣ್ಣ ಪಾಲು ಉತ್ಕರ್ಷಣಗೊಂಡು ಅಸಿಟಾಲ್ಡಿಹೈಡ್ ಆಗುತ್ತದೆ, ಅದರಿಂದ ಮುಂದೆ ಅಸಿಟಿಕ್ ಆಮ್ಲ, ಎಸ್ಟರ್ ಹುಟ್ಟುತ್ತವೆ. ಹಿತಮಿತವಾಗಿದ್ದರೆ ಇದೇ ರಷ್ಯನ್ ವೋಡ್ಕಾದ ದುಂಡನೆಯ ರುಚಿ. ಹರಿವು ತುಂಬ ನಿಧಾನವಾದರೆ, ಕೆಲಸ ನಿಂತು ಸ್ಪಿರಿಟ್ ರಾತ್ರಿಯೆಲ್ಲ ಇದ್ದಿಲಿನಲ್ಲೇ ನೆಂದರೆ, ಅಸಿಟಾಲ್ಡಿಹೈಡ್ ಮಿತಿಮೀರಿ ಹಸಿರು ಸೇಬಿನಂಥ, ಮೂಗು ಚುಚ್ಚುವ ವಾಸನೆ ಬರುತ್ತದೆ. ಇದ್ದಿಲು ಹಳತಾಗಿ ರಂಧ್ರಗಳು ತುಂಬಿಹೋದರೆ ಹಿಂದೆ ಹಿಡಿದದ್ದನ್ನು ಅದು ಮುಂದಿನ ಟ್ಯಾಂಕಿಗೆ ಬಿಟ್ಟುಕೊಡಲೂಬಹುದು. ಹತ್ತು ಸಲ ಶೋಧಿಸಿದ್ದು ಎಂಬ ಘೋಷಣೆಯಿಂದ ಇದ್ಯಾವುದೂ ನಮಗೆ ತಿಳಿಯುವುದಿಲ್ಲ. ಒಂದೇ ಸಲ, ತಾಜಾ ಇದ್ದಿಲಿನಲ್ಲಿ, ಸರಿಯಾದ ವೇಗದಲ್ಲಿ ಹಾಯಿಸಿದ್ದು ಹತ್ತು ಸಲದ್ದಕ್ಕಿಂತ ಶುಚಿಯಾಗಿರಬಹುದು. ಬೆಳ್ಳಿ, ಪ್ಲಾಟಿನಂ, ವಜ್ರದ ಪುಡಿಯಲ್ಲಿ ಹಾಯಿಸಿದ್ದು ಎನ್ನುವ ಬಾಟಲಿಗಳಲ್ಲೂ ಬಹುಪಾಲು ದುಡಿಮೆ ಇದ್ದಿಲಿನದೇ.

ಬಾಟಲಿ ತುಂಬುವ ಮುನ್ನ ಇನ್ನೊಂದು ಹಂತವಿದೆ, ಅದರ ಬಗ್ಗೆ ಕಂಪನಿಗಳು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ಅಮೆರಿಕದ ನಿಯಮ ಒಂದು ಲೀಟರ್ ವೋಡ್ಕಾಗೆ ಎರಡು ಗ್ರಾಂವರೆಗೆ ಸಕ್ಕರೆ, ಒಂದು ಗ್ರಾಂವರೆಗೆ ಸಿಟ್ರಿಕ್ ಆಮ್ಲ ಸೇರಿಸಲು ಬಿಡುತ್ತದೆ. ಯುರೋಪಿನಲ್ಲಿ ಈಗ ಸಿಹಿಯ ಮಿತಿ ಲೀಟರಿಗೆ 8 ಗ್ರಾಂ. ಇಷ್ಟರಿಂದ ವೋಡ್ಕಾ ಸಿಹಿ ಎನಿಸದೇ ಇರಬಹುದು, ಆದರೆ ಮದ್ಯಸಾರದ ಉರಿ ತಗ್ಗಿ, ನಾಲಿಗೆಯ ಮೇಲೆ ಎಣ್ಣೆಯಂಥ ಜಾರುವಿಕೆ ಬರುತ್ತದೆ. ಎರಡು ಗ್ರಾಂ ಸಕ್ಕರೆಯನ್ನು ಮೇಲೆ ಹೇಳಿದ ಎರಡು ಮಿಲಿಗ್ರಾಂ ಫ್ಯೂಸೆಲ್ ಎಣ್ಣೆಯ ಪಕ್ಕ ಇಟ್ಟು ನೋಡಿ, ಸಾವಿರ ಪಟ್ಟು ವ್ಯತ್ಯಾಸ. ನುಣುಪು ಎಂದು ಹೊಗಳಿಸಿಕೊಳ್ಳುವ ಕೆಲವು ವೋಡ್ಕಾಗಳ ನುಣುಪಿಗೆ ಬಟ್ಟಿ ಕಾರಣವಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ. ಕುಡಿಯುವವನಿಗೆ ಇದನ್ನು ತಿಳಿಯುವ ಹಕ್ಕಿದೆ, ಲೇಬಲ್ ಮೇಲೆ ಇದು ಬರಬೇಕು.

ಏನನ್ನೂ ಸೇರಿಸದೆ ಬರೀ ಎಥನಾಲ್ ಮತ್ತು ನೀರು ಜೋಡಿಕೊಳ್ಳುವ ರೀತಿಯಲ್ಲೇ ವ್ಯತ್ಯಾಸ ಇರಬಹುದೇ ಎಂಬ ಪ್ರಶ್ನೆಯನ್ನೂ ಕೇಳಿದವರಿದ್ದಾರೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯ ಮತ್ತು ಮಾಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಐದು ಬ್ರ್ಯಾಂಡುಗಳನ್ನು ಬೆಳಕಿನ ಕಿರಣಗಳಿಂದ ಪರೀಕ್ಷಿಸಿದರು. ಒಂದು ಎಥನಾಲ್ ಅಣುವನ್ನು ಸುಮಾರು ಐದು ನೀರಿನ ಅಣುಗಳು ಸುತ್ತುವರಿದ ಕ್ಷಣಿಕ ಗುಂಪುಗಳು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಹೆಚ್ಚುಕಡಿಮೆ ಇರುತ್ತವೆ, ಕುಡಿಯುವವರ ಆಯ್ಕೆಗೆ ಇದೂ ಕಾರಣವಾಗಿರಬಹುದು ಎಂದರು. ಅವರು ಅಳೆದದ್ದು ದ್ರವದ ರಚನೆಯನ್ನು, ನಾಲಿಗೆಯನ್ನಲ್ಲ. ಆ ಗುಂಪುಗಳು ಬದಲಾಗಲು ಅತ್ಯಲ್ಪ ಲವಣ, ಆಮ್ಲಗಳೇ ಸಾಕಾಗಬಹುದು. ಆದ್ದರಿಂದ ನಾನು ಇದನ್ನು ಕುತೂಹಲಕ್ಕೆ ಇಟ್ಟುಕೊಳ್ಳುತ್ತೇನೆ, ವಿವರಣೆಯಾಗಿ ಅಲ್ಲ.

ಮೂಲವಸ್ತುವಿನ ಜಗಳ ರಾಜಕೀಯಕ್ಕೂ ಹೋಗಿದೆ. ಪೋಲೆಂಡ್, ಫಿನ್‌ಲ್ಯಾಂಡ್, ಸ್ವೀಡನ್‌ಗಳು ವೋಡ್ಕಾ ಹೆಸರು ಧಾನ್ಯ, ಆಲೂಗಡ್ಡೆಯಂಥ ಸಾಂಪ್ರದಾಯಿಕ ಮೂಲಗಳಿಗೇ ಮೀಸಲಾಗಲಿ ಎಂದು ಯುರೋಪಿಯನ್ ಸಂಸತ್ತಿನಲ್ಲಿ ಪಟ್ಟು ಹಿಡಿದವು. ಫ್ರಾನ್ಸಿನಲ್ಲಿ ದ್ರಾಕ್ಷಿಯಿಂದ ಮಾಡುವ ಸಿರಾಕ್‌ನಂಥ ವೋಡ್ಕಾಗಳು ಆಗ ಮಾರುಕಟ್ಟೆಗೆ ಬಂದಿದ್ದವು. ಕೊನೆಗೆ 2008ರಲ್ಲಿ ಬಂದ ನಿಯಮ ಒಂದು ಮಧ್ಯದ ದಾರಿ ಹಿಡಿಯಿತು. ಯಾವುದರಿಂದ ಬೇಕಾದರೂ ಮಾಡಿ, ಧಾನ್ಯವೂ ಆಲೂಗಡ್ಡೆಯೂ ಅಲ್ಲವಾದರೆ ಯಾವುದರಿಂದ ಮಾಡಿದ್ದೆಂದು ಬಾಟಲಿಯ ಮೇಲೆ ಬರೆಯಿರಿ ಎಂದಿತು.

ನಮ್ಮಲ್ಲಿ ಈ ಪ್ರಶ್ನೆಗೆ ಬೇರೆ ತೂಕವಿದೆ. ಭಾರತದಲ್ಲಿ ಬಹುಕಾಲ ಮದ್ಯದ ಮೂಲ ಎಂದರೆ ಕಾಕಂಬಿ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲೇ ಡಿಸ್ಟಿಲರಿ ಇರುವುದು ಮಾಮೂಲು. ಅಲ್ಲಿಂದ ಹೊರಡುವ, ಇಎನ್‌ಎ ಎಂದು ಕರೆಯುವ ನ್ಯೂಟ್ರಲ್ ಸ್ಪಿರಿಟ್‌ನ ಟ್ಯಾಂಕರುಗಳೇ ವಿಸ್ಕಿ, ರಮ್, ವೋಡ್ಕಾ ಎಲ್ಲಕ್ಕೂ ತಾಯಿ. ಈಗ ಅಕ್ಕಿ, ಜೋಳದಂಥ ಧಾನ್ಯದ ಇಎನ್‌ಎ ಕೂಡ ಹೆಚ್ಚಾಗಿದೆ, ಮ್ಯಾಜಿಕ್ ಮೊಮೆಂಟ್ಸ್‌ನಂಥ ವೋಡ್ಕಾಗಳು ಧಾನ್ಯದವೆಂದೇ ಹೇಳಿಕೊಳ್ಳುತ್ತವೆ. ಕಾಕಂಬಿಯಲ್ಲಿ ಗಂಧಕದ ಅಂಶ ಜಾಸ್ತಿ, ಸಕ್ಕರೆ ತಯಾರಿಸುವಾಗ ಬಿಳುಪಿಗೆ ಬಳಸುವ ಗಂಧಕದ ಹೊಗೆಯ ಶೇಷವೂ ಅದರಲ್ಲಿರುತ್ತದೆ. ಚೆನ್ನಾಗಿ ಶುದ್ಧೀಕರಿಸಿದರೆ ಅದು ಹೋಗುತ್ತದೆ. ಅರೆಬರೆಯಾದರೆ ವೋಡ್ಕಾದಲ್ಲಿ ಬೇಗ ಸಿಕ್ಕಿಬೀಳುತ್ತದೆ, ರಮ್‌ನಲ್ಲಿ ಅಡಗಿಕೊಳ್ಳುತ್ತದೆ. ನಮ್ಮ ಬಾಟಲಿಗಳ ಶೇ. 42.8 ಎಂಬ ಅಂಕಿಯೂ ರುಚಿಗೆ ಸೇರಿದ್ದೇ. ಬ್ರಿಟಿಷರ ಕಾಲದ ಪ್ರೂಫ್ ಲೆಕ್ಕದಲ್ಲಿ ಅದು 75, ಹಾಗೆಯೇ ಉಳಿದುಬಂದಿದೆ. ಯುರೋಪಿನಲ್ಲಿ ವೋಡ್ಕಾಗೆ ಶೇ. 37.5 ಸಾಕು. ಗಾಢತೆಯಲ್ಲಿ ಐದರಷ್ಟು ಹೆಚ್ಚಾದಾಗ ಉರಿ ಹೆಚ್ಚುತ್ತದೆ, ಧಾನ್ಯ ಯಾವುದೇ ಇರಲಿ. ಎರಡು ದೇಶಗಳ ಬಾಟಲಿ ಹೋಲಿಸುವವರು ಮೊದಲು ಈ ಅಂಕಿಯನ್ನು ನೋಡಬೇಕು.

ನಿಮ್ಮ ಕೈಯಲ್ಲಿರುವ ಎರಡು ಬಾಟಲಿಗಳ ನಡುವೆ ನಿಜಕ್ಕೂ ವ್ಯತ್ಯಾಸ ಇದೆಯೇ ಎಂದು ತಿಳಿಯಬೇಕಾದರೆ ಮೊದಲು ಫ್ರೀಜರಿನಿಂದ ಹೊರಗೆ ತೆಗೆಯಿರಿ. ಚಳಿಯಲ್ಲಿ ಪರಿಮಳ ಆವಿಯಾಗುವುದಿಲ್ಲ, ದ್ರವ ದಪ್ಪಗಾಗುತ್ತದೆ, ದೋಷಗಳೆಲ್ಲ ಅಡಗುತ್ತವೆ. ಮದ್ಯ ಬೆರೆಸುವ ಪರಿಣತರು ಕೋಣೆಯ ಉಷ್ಣಾಂಶದಲ್ಲಿ, ಅಷ್ಟೇ ಪ್ರಮಾಣದ ಶುದ್ಧ ನೀರು ಸೇರಿಸಿ ಸುಮಾರು ಶೇ. 20ಕ್ಕೆ ಇಳಿಸಿ ಮೂಸಿ ನೋಡುತ್ತಾರೆ. ಮದ್ಯಸಾರದ ಉರಿ ಮೂಗನ್ನು ಮರಗಟ್ಟಿಸುವುದು ತಪ್ಪಿ ಒಳಗಿನ ವಾಸನೆ ತೆರೆದುಕೊಳ್ಳುತ್ತದೆ. ಬೇಯಿಸಿದ ಕೋಸು ಎಂದರೆ ಗಂಧಕ, ನೇಲ್ ಪಾಲಿಶ್ ಎಂದರೆ ಈಥೈಲ್ ಅಸಿಟೇಟ್, ಹಸಿರು ಸೇಬು ಎಂದರೆ ಅಸಿಟಾಲ್ಡಿಹೈಡ್. ಆಮೇಲೆ ಇನ್ನೊಬ್ಬರ ಕೈಯಲ್ಲಿ ಮೂರು ಲೋಟ ತುಂಬಿಸಿಕೊಳ್ಳಿ, ಎರಡರಲ್ಲಿ ಒಂದು ಬ್ರ್ಯಾಂಡ್, ಮೂರನೆಯದರಲ್ಲಿ ಇನ್ನೊಂದು. ಯಾವುದು ಯಾವುದೆಂದು ನಿಮಗೆ ತಿಳಿಯಬಾರದು. ಒಂಟಿಯಾದದ್ದನ್ನು ಗುರುತಿಸಿ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲದ ಗೆಲುವಿಗೆ ಬೆಲೆಯಿಲ್ಲ. ಲೋಟಗಳ ಕ್ರಮ ಬದಲಿಸುತ್ತ ಆರು ಸಲ ಮಾಡಿ, ಒಂದೇ ದಿನ ಬೇಡ, ಬಾಯಿಗೆ ಹಾಕಿಕೊಂಡದ್ದನ್ನು ಉಗಿಯುವುದೂ ಕಡ್ಡಾಯ. ಆರರಲ್ಲಿ ಐದು ಸಲವಾದರೂ ಸರಿ ಗುರುತಿಸಿದರೆ ಅದು ಬರೀ ಅದೃಷ್ಟದಿಂದ ಆಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ. ಮೂರೇ ಸಲ ಸರಿಯಾದರೆ ಕಡಿಮೆ ಬೆಲೆಯದ್ದನ್ನು ಕೊಳ್ಳಿ.